‘ಹುಡುಗ ಚಲೋ ಅದಾನ’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯುವುದು

ರೋಣ, ನರಗುಂದ, ಗಜೇಂದ್ರಗಡದ ಕಡೆಯಿಂದ ಕೆಲಸ ಬಿಟ್ಟು ದೂರ ಹೋಗುವವರಲ್ಲಿ ಹತ್ತಿ ಜಿನ್ನಿಂಗ್ ಕಾರ್ಖಾನೆಯವರಿದ್ದಾರೆ, ಪತ್ತಿನ ಸಂಘದ ಗುಮಾಸ್ತರಿದ್ದಾರೆ, ಗುಡ್ಡದ ಮೇಲಿನ ಗಾಳಿಯಂತ್ರ ನೋಡಿಕೊಳ್ಳುವ ಹುಡುಗರಿದ್ದಾರೆ. ಹುಬ್ಬಳ್ಳಿಗೆ ಹೋದರೆ ಮಾಲಕರ ಒಂದು ಫೋನ್ ಸಾಕಾಗುತ್ತದೆ. ಪುಣೆ, ಕೊಯಮತ್ತೂರು, ದುಬೈ ಎಂದರೆ ಇಂಗ್ಲಿಷಿನಲ್ಲಿ ಒಂದು ಶಿಫಾರಸು ಪತ್ರ ಬೇಕು. ಮಾಲಕರು ತಮಗೆ ತಿಳಿದಂತೆ ಕನ್ನಡದಲ್ಲಿ ನಾಲ್ಕು ಸಾಲು ಗೀಚಿ ಕಳಿಸುತ್ತಾರೆ. ಅದನ್ನು ಪತ್ರ ಮಾಡುವುದು ನನ್ನ ಕೆಲಸ. ಈ ಕೆಲಸದಲ್ಲಿ ಕಲಿತದ್ದನ್ನು ನರಗುಂದದ ಒಂದು ಜಿನ್ನಿಂಗ್ ಕಾರ್ಖಾನೆಯ ಪತ್ರವನ್ನು ಮುಂದಿಟ್ಟುಕೊಂಡು ಹೇಳುತ್ತೇನೆ. ಹೆಸರುಗಳನ್ನು ಬಿಟ್ಟಿದ್ದೇನೆ.

ಮಾಲಕರ ಚೀಟಿ ಹೀಗಿತ್ತು:

“ಹುಡುಗ ಭಾಳ ಚಲೋ ಅದಾನ. ಮನಿ ಮಗನಂಗ ಇದ್ದ. ಕೈ ಸ್ವಚ್ಛ. ದಸರಾ ಮುಂದ ಬಂದಾಂವ, ಐದಾರು ವರ್ಷ ಆತು. ಮೊದಲ ಕಾಟಾ ನೋಡ್ತಿದ್ದ, ಆಮ್ಯಾಲೆ ಎಲ್ಲಾ ಅವನ ನೋಡ್ಕೊಂತಿದ್ದ. ಹಗಲು ರಾತ್ರಿ ಅನ್ನಲಿಲ್ಲ. ಸ್ವಲ್ಪ ಸಿಟ್ಟು ಜಾಸ್ತಿ. ಮದುವಿ ಆಗೇತಿ, ಎರಡು ಮಕ್ಕಳು. ಎಲ್ಲಿ ಹೋದ್ರೂ ಚಲೋ ಆಗಲಿ. ಮ್ಯಾನೇಜರ್ ಅಂತ ಬರೀರಿ.”

ಪ್ರೀತಿಯಿಂದ ಬರೆದ ಚೀಟಿ ಇದು. ಇದನ್ನೇ ಸಾಲಿಗೆ ಸಾಲು ಇಂಗ್ಲಿಷ್ ಮಾಡಿದರೆ ಕೊಯಮತ್ತೂರಿನ ನೂಲಿನ ಗಿರಣಿಯವರಿಗೆ ಆ ಹುಡುಗನ ಬಗ್ಗೆ ಏನೂ ತಿಳಿಯುವುದಿಲ್ಲ.

1. ಯಾವ ಕಾಗದ ಬೇಕು ಎಂದು ಮೊದಲು ಕೇಳಿ

“ಲೆಟರ್ ಬೇಕ್ರೀ” ಎಂದು ಬರುವವರಿಗೆ ಬೇಕಾಗಿರುವುದು ಮೂರರಲ್ಲಿ ಒಂದು. ರಿಲೀವಿಂಗ್ ಲೆಟರ್ ಎಂದರೆ ಇಂಥ ದಿನ ಕೆಲಸದಿಂದ ಬಿಡುಗಡೆ ಮಾಡಿದೆವು, ಬಾಕಿ ಏನೂ ಇಲ್ಲ ಎಂಬ ಕಾಗದ. ಅನುಭವ ಪ್ರಮಾಣಪತ್ರ ಎಂದರೆ ಎಂದಿನಿಂದ ಎಂದಿನವರೆಗೆ, ಯಾವ ಹುದ್ದೆಯಲ್ಲಿ ಇದ್ದರು ಎಂಬುದು. ಅದರಲ್ಲಿ ಹೊಗಳಿಕೆ ಬೇಕಿಲ್ಲ. ಮೂರನೆಯದು ಶಿಫಾರಸು ಪತ್ರ. ಕೈಕೆಳಗೆ ಕೆಲಸ ಮಾಡಿಸಿಕೊಂಡ ಒಬ್ಬ ಮನುಷ್ಯ, ತಾನು ಕಣ್ಣಾರೆ ಕಂಡದ್ದನ್ನು ಮತ್ತೊಬ್ಬ ಮಾಲಕನಿಗೆ ಹೇಳುವ ಪತ್ರ ಅದು. ಮೂರನ್ನೂ ಒಂದೇ ಹಾಳೆಯಲ್ಲಿ ತುರುಕಿದರೆ ಮೂರೂ ಕೆಡುತ್ತವೆ. ದಿನಾಂಕ ಹುಡುಕುವವನಿಗೆ ಹೊಗಳಿಕೆ ಅಡ್ಡ ಬರುತ್ತದೆ, ಮನುಷ್ಯನ ಬಗ್ಗೆ ತಿಳಿಯಬೇಕಾದವನಿಗೆ ‘ಬಾಕಿ ಇಲ್ಲ’ ಎಂಬ ಸಾಲು ಸಾಲುವುದಿಲ್ಲ.

ಹೊಸ ಕೆಲಸದ ಜಾಹೀರಾತನ್ನೋ ಅವರು ಕಳಿಸಿದ ಮೆಸೇಜನ್ನೋ ನಾನು ತರಿಸಿ ಓದುತ್ತೇನೆ. ಈ ಹುಡುಗ ಹೋಗಲಿದ್ದದ್ದು ಗಿರಣಿಯ ಹತ್ತಿ ಉಗ್ರಾಣಕ್ಕೆ. ಬರುವ ಬೇಲುಗಳ ತೂಕ, ಗುಣಮಟ್ಟ ನೋಡುವ ಸುಪರ್‌ವೈಸರ್ ಕೆಲಸ. ಹಾಗಾಗಿ ಚೀಟಿಯ ಒಂದು ಪದ ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಯಿತು: ಕಾಟಾ.

2. ದಿನಾಂಕ, ಹೆಸರು, ಹುದ್ದೆ ಚೀಟಿಯಿಂದ ಬರಬಾರದು, ಪುಸ್ತಕದಿಂದ ಬರಬೇಕು

ನಮ್ಮ ಕಡೆ ಮಾಲಕರ ನೆನಪು ಹಬ್ಬ ಮತ್ತು ಮಳೆಯ ಮೇಲೆ ನಡೆಯುತ್ತದೆ. ದಸರಾ ಮುಂದ ಬಂದ, ಕಾರಹುಣ್ಣಿವಿ ಮರುದಿನ ಸೇರಿದ, ಹತ್ತಿ ಮುಗಿದ ಮ್ಯಾಲೆ ಬಿಟ್ಟ. ನೆನಪು ಸುಳ್ಳಲ್ಲ, ಆದರೆ ವರ್ಷ ತಪ್ಪುತ್ತದೆ. ಹಾಜರಿ ಪುಸ್ತಕ ಮತ್ತು ಪಗಾರ ಪುಸ್ತಕ ಎರಡನ್ನೂ ತರಿಸಬೇಕು. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಭವಿಷ್ಯ ನಿಧಿ ಇರುತ್ತದೆ. ಅಲ್ಲಿ ಸೇರಿದ ದಿನ, ಬಿಟ್ಟ ದಿನ ಎರಡೂ ದಾಖಲಾಗಿರುತ್ತವೆ. ದೊಡ್ಡ ಕಂಪನಿಗಳ ಪರಿಶೀಲನೆಯವರು ಪತ್ರದ ದಿನಾಂಕವನ್ನು ಆ ದಾಖಲೆಯ ಪಕ್ಕ ಇಟ್ಟು ನೋಡುತ್ತಾರೆ. ಹೊಂದದಿದ್ದರೆ ಒಳ್ಳೆಯ ಹುಡುಗನ ಮೇಲೂ ಅನುಮಾನ ಬರುತ್ತದೆ.

ಜಿನ್ನಿಂಗ್‌ನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಅದು ಹಂಗಾಮಿನ ಉದ್ಯೋಗ. ಅಕ್ಟೋಬರ್ ಸುಮಾರಿಗೆ ಹತ್ತಿ ಬರಲು ಶುರುವಾಗಿ ಮಾರ್ಚ್ ಹೊತ್ತಿಗೆ ಕಡಿಮೆಯಾಗುತ್ತದೆ. ಆಮೇಲೆ ಎಷ್ಟೋ ಜನ ಮನೆಗೆ ಹೋಗುತ್ತಾರೆ, ಮುಂದಿನ ಹಂಗಾಮಿಗೆ ಮತ್ತೆ ಬರುತ್ತಾರೆ. ಮಾಲಕರ ಲೆಕ್ಕದಲ್ಲಿ ಅದು ‘ಐದಾರು ವರ್ಷ’. ಪುಸ್ತಕದಲ್ಲಿ ನೋಡಿದರೆ ಈ ಹುಡುಗ 2018ರ ಅಕ್ಟೋಬರ್‌ನಿಂದ 2019ರ ಮಾರ್ಚ್ ತನಕ ಹಂಗಾಮಿನ ಆಳು. ಏಪ್ರಿಲ್, ಮೇ ಎರಡು ತಿಂಗಳು ಪಗಾರ ಇಲ್ಲ. 2019ರ ಜೂನ್‌ನಿಂದ 2024ರ ಮೇ ತನಕ ವರ್ಷಪೂರ್ತಿ ಕೆಲಸ. ನಡುವಿನ ಎರಡು ತಿಂಗಳನ್ನು ಮುಚ್ಚಿ ಒಂದೇ ಉಸಿರಿನಲ್ಲಿ ಬರೆಯಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಬರೆಯಬಾರದು. ಇದ್ದದ್ದನ್ನು ಇದ್ದಂತೆ ಬರೆದರೆ ಅದೇ ಅವನಿಗೆ ಹೆಚ್ಚು ಅನುಕೂಲ: ಒಂದು ಹಂಗಾಮು ಅವನ ಕೆಲಸ ನೋಡಿ ಮಾಲಕರು ಮುಂದಿನ ಜೂನ್‌ನಲ್ಲಿ ಕಾಯಂ ಮಾಡಿಕೊಂಡರು ಎಂಬುದೇ ಒಂದು ಶಿಫಾರಸು.

ದಿನಾಂಕವನ್ನು ಅಂಕಿಯಲ್ಲಷ್ಟೇ ಬರೆಯಬೇಡಿ. 03/04/2019 ಎಂದರೆ ನಮಗೆ ಏಪ್ರಿಲ್ ಮೂರು, ಅಮೆರಿಕದ ಕಂಪನಿಯವರಿಗೆ ಮಾರ್ಚ್ ನಾಲ್ಕು. ತಿಂಗಳನ್ನು ಅಕ್ಷರದಲ್ಲಿ ಬರೆದರೆ ತಕರಾರಿಲ್ಲ. ಹೆಸರಿನದೂ ಹಾಗೆಯೇ. ನಮ್ಮಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಹೀಗೆ ಮೂರು. ಕಾರ್ಖಾನೆಯಲ್ಲಿ ಕರೆಯುವುದು ಮೊಟಕು ಮಾಡಿದ ನಾಲ್ಕನೆಯದು. ಆಧಾರ್ ಕಾರ್ಡಿನಲ್ಲಿ ಇಂಗ್ಲಿಷ್ ಕಾಗುಣಿತ ಹೇಗಿದೆಯೋ ಪತ್ರದಲ್ಲೂ ಅದೇ ಇರಬೇಕು, ಒಂದು ಅಕ್ಷರ ಹೆಚ್ಚು ಕಡಿಮೆ ಆಗಬಾರದು.

ಇನ್ನು ‘ಮ್ಯಾನೇಜರ್ ಅಂತ ಬರೀರಿ’. ಪಗಾರ ಪುಸ್ತಕದಲ್ಲಿ ಇರುವುದು ಸುಪರ್‌ವೈಸರ್ ಎಂದು. ಮಾಲಕರಿಗೆ ನಾನು ಹೇಳಿದ್ದಿಷ್ಟು: “ಸಾಹುಕಾರ್ರ, ಹುದ್ದೆ ಪುಸ್ತಕದಾಗ ಇದ್ದದ್ದ ಇರಲಿ. ಮಾಡಿದ ಕೆಲಸ ಮ್ಯಾನೇಜರ್‌ದಿದ್ರ ಆ ಕೆಲಸಾನ ಬರಿಯೋಣು.” ಅವರು ಒಪ್ಪಿದರು. ಹುದ್ದೆ ಹಿಗ್ಗಿಸಿದ ಪತ್ರ ಒಂದು ಫೋನಿಗೆ ಬಿದ್ದುಹೋಗುತ್ತದೆ.

3. ‘ಎಲ್ಲಾ ಅವನ ನೋಡ್ಕೊಂತಿದ್ದ’ ಎಂಬುದನ್ನು ಬಿಡಿಸಬೇಕು

ಪತ್ರದ ಜೀವ ಇರುವುದು ಇಲ್ಲಿ. ಉಳಿದದ್ದೆಲ್ಲ ಇದರ ಹಿಂದೆ ಮುಂದೆ.

‘ಎಲ್ಲಾ’ ಎಂದರೆ ಏನು ಎಂದು ನೇರವಾಗಿ ಕೇಳಿದರೆ ಮಾಲಕರು ಮತ್ತೆ “ಎಲ್ಲಾನೂ ರೀ” ಎನ್ನುತ್ತಾರೆ. ಅದಕ್ಕೆ ನಾನು ಬೇರೆ ಪ್ರಶ್ನೆ ಕೇಳುತ್ತೇನೆ: ಅವ ಒಂದು ವಾರ ರಜೆ ಹಾಕಿದಾಗ ಏನೇನು ನಿಂತಿತ್ತು? ಈ ಪ್ರಶ್ನೆಗೆ ಯಾವ ಮಾಲಕರೂ ಹೊಗಳಿಕೆಯಲ್ಲಿ ಉತ್ತರಿಸುವುದಿಲ್ಲ, ಕಷ್ಟ ಹೇಳಿಕೊಳ್ಳುತ್ತಾರೆ. ಆ ಕಷ್ಟದಲ್ಲಿಯೇ ಹುಡುಗನ ಕೆಲಸ ಪಟ್ಟಿಯಾಗಿ ಬರುತ್ತದೆ.

“ಯಾಕ ಕೇಳ್ತೀರಿ, ಹೋದ ವರ್ಷ ಅವನ ತಂಗಿ ಮದಿವಿಗೆ ಹೋಗಿದ್ದ. ಹಸಿ ಹತ್ತಿ ಗಾಡಿ ಎರಡು ಒಳಗ ಬಂದ ಬಿಟ್ವು. ನೋಡೋರ ಇಲ್ಲ. ಸಂಜೀಕ ತಾಳಿ ಹಾಕಿದ್ರ ಅರಳಿನೂ ಕಾಳೂ ಹತ್ತಿಗೆ ಕೂಡಲಿಲ್ಲ.”

ಈ ಮೂರು ಮಾತಿನಲ್ಲಿ ಮೂರು ಕೆಲಸಗಳಿವೆ. ಮೊದಲನೆಯದು ಗೇಟಿನಲ್ಲಿ ಹತ್ತಿಯ ತೇವ ನೋಡುವುದು. ಹತ್ತಿಯಲ್ಲಿ ನೂರಕ್ಕೆ ಎಂಟರಷ್ಟು ತೇವ ಇದ್ದರೆ ವ್ಯಾಪಾರ ಸರಾಗ, ಹನ್ನೆರಡು ದಾಟಿದರೆ ಭಾರತೀಯ ಹತ್ತಿ ನಿಗಮವೂ ಕೊಳ್ಳುವುದಿಲ್ಲ. ಹಸಿ ಹತ್ತಿ ತೂಕ ಹೆಚ್ಚು ತೋರಿಸುತ್ತದೆ, ರಾಶಿಯಲ್ಲಿ ಬಿಸಿಯೇರಿ ಬಣ್ಣ ಕೆಡುತ್ತದೆ, ಜಿನ್ನಿನಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡನೆಯದು ಕಾಟಾ. ತುಂಬಿದ ಗಾಡಿಯ ತೂಕ, ಇಳಿಸಿದ ಮೇಲೆ ಬರಿದಾದ ಗಾಡಿಯ ತೂಕ, ಎರಡಕ್ಕೂ ಚೀಟಿ. ಮೂರನೆಯದು ಸಂಜೆಯ ತಾಳೆ. ಇದನ್ನು ತಿಳಿದವರು ಕಡಿಮೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೂರು ಕ್ವಿಂಟಲ್ ಹತ್ತಿ ಜಿನ್ನಿಗೆ ಹೋದರೆ ಸುಮಾರು 34 ಕ್ವಿಂಟಲ್ ಅರಳೆ ಬರಬೇಕು. ಹತ್ತಿಕಾಳು ಅದರ ಹತ್ತಿರ ಹತ್ತಿರ ಎರಡು ಪಟ್ಟು. ಉಳಿದ ಒಂದೆರಡು ಕ್ವಿಂಟಲ್ ಧೂಳು ಮತ್ತು ಆರಿಹೋದ ತೇವ. ಒಂದು ಬೇಲು 170 ಕಿಲೋ, ಅಂದರೆ ಆ 34 ಕ್ವಿಂಟಲ್‌ಗೆ ಇಪ್ಪತ್ತು ಬೇಲು ಆಗಬೇಕು. ಹದಿನೆಂಟೇ ಆದರೆ ಕಾರಣ ಹುಡುಕಬೇಕು: ಹತ್ತಿ ಹಸಿಯಿತ್ತೇ, ತೂಕ ತಪ್ಪಾಯಿತೇ, ಜಿನ್ನಿನ ರೋಲರ್ ಸವೆದು ಕಾಳಿನ ಮೇಲೆ ಅರಳೆ ಉಳಿಯುತ್ತಿದೆಯೇ, ಇಲ್ಲ ಮಾಲು ಬೇರೆ ದಾರಿ ಹಿಡಿಯಿತೇ. ಈ ಹುಡುಗ ಹಂಗಾಮಿನಲ್ಲಿ ಪ್ರತಿ ಸಂಜೆ ಈ ಲೆಕ್ಕ ಹಾಕಿ ಕೀರ್ದಿಯ ಪಕ್ಕ ಬರೆದಿಡುತ್ತಿದ್ದ. ಮಾಲಕರ ಚೀಟಿಯಲ್ಲಿ ಇದರ ಸುಳಿವೇ ಇರಲಿಲ್ಲ. ಗಿರಣಿಯವರಿಗೆ ಬೇಕಾಗಿದ್ದದ್ದು ಇದೇ.

ಇನ್ನೂ ಒಂದು ಕೇಳಬೇಕು: ಒಬ್ಬನೇ ಮಾಡುತ್ತಿದ್ದನೋ, ಜೊತೆಗೆ ಯಾರಿದ್ದರೋ? ಕನ್ನಡದ ಚೀಟಿಯಲ್ಲಿ ‘ನೋಡ್ಕೊಂಡ್ರು’, ‘ಆಗಿತ್ತು’ ಎಂದು ಮಾಡಿದವರ ಹೆಸರಿಲ್ಲದೆ ವಾಕ್ಯ ನಡೆಯುತ್ತದೆ. ಇಂಗ್ಲಿಷಿನಲ್ಲಿ ಮಾಡಿದವರು ಯಾರೆಂದು ಬರೆಯಲೇಬೇಕು. ಆಗ ಗೊತ್ತಿಲ್ಲದೆ ಇಡೀ ಕೆಲಸ ಒಬ್ಬನ ತಲೆಗೆ ಬೀಳುತ್ತದೆ. ಕೇಳಿದಾಗ ತಿಳಿದದ್ದು: ಜಿನ್ನಿನ ರಿಪೇರಿ ಫಿಟ್ಟರ್‌ನದು, ಇವನದಲ್ಲ. ಹಮಾಲರ ಪಾಳಿ ಹಚ್ಚುವುದು ಇವನದು. ಪತ್ರದಲ್ಲಿ ರಿಪೇರಿ ಬರಲಿಲ್ಲ.

ಇಂಗ್ಲಿಷಿನಲ್ಲಿ ಮೊದಲು ಸಿದ್ಧವಾದ ಕರಡಿನ ಮುಖ್ಯ ಭಾಗದ ತಾತ್ಪರ್ಯ ಇದು:

“ಅವರು 2018ರ ಅಕ್ಟೋಬರ್‌ನಲ್ಲಿ ಹಂಗಾಮಿನ ತೂಕದ ಗುಮಾಸ್ತರಾಗಿ ಬಂದರು. ಆ ಹಂಗಾಮಿನ ಕೆಲಸ ನೋಡಿ 2019ರ ಜೂನ್‌ನಿಂದ ಅವರನ್ನು ವರ್ಷಪೂರ್ತಿಯ ಸುಪರ್‌ವೈಸರ್ ಆಗಿ ತೆಗೆದುಕೊಂಡೆ. ಬರುವ ಪ್ರತಿ ಗಾಡಿಯ ಹತ್ತಿಯ ತೇವ ಮತ್ತು ಕಸ ಪರೀಕ್ಷಿಸಿ, ಒಳಗೆ ಬಿಡಬೇಕೋ ಬೇಡವೋ ಎಂದು ಅವರೇ ನಿರ್ಧರಿಸುತ್ತಿದ್ದರು. ತೂಕದ ಚೀಟಿಗಳು ಅವರ ವಶದಲ್ಲಿದ್ದವು. ದಿನದ ಹತ್ತಿಯನ್ನು ಅರಳೆ, ಕಾಳು, ಬೇಲುಗಳ ಲೆಕ್ಕಕ್ಕೆ ಪ್ರತಿ ಸಂಜೆ ತಾಳೆ ಹಾಕಿ, ವ್ಯತ್ಯಾಸ ಕಂಡರೆ ಅದೇ ದಿನ ನನಗೆ ತಿಳಿಸುತ್ತಿದ್ದರು. ಲೋಡಿಂಗ್ ಮಾಡುವ ಹಮಾಲರ ಪಾಳಿಯನ್ನೂ ಅವರೇ ಹಚ್ಚುತ್ತಿದ್ದರು.”

ಹೊಗಳಿಕೆಯ ಒಂದು ಪದವೂ ಇದರಲ್ಲಿಲ್ಲ. ಹತ್ತಿ ಬಲ್ಲವರು ಓದಿದರೆ ಸಾಕು, ಹುಡುಗ ಎಂಥವನೆಂದು ಅವರಿಗೆ ತಿಳಿಯುತ್ತದೆ.

4. ನಂಬಿಗಸ್ಥ ಎಂದು ಬರೆಯುವ ಬದಲು, ನಂಬಿ ಏನನ್ನು ಒಪ್ಪಿಸಿದ್ದರು ಎಂದು ಬರೆಯಿರಿ

‘ಕೈ ಸ್ವಚ್ಛ’ ಎಂಬುದು ನಮ್ಮ ಮಾಲಕರ ಬಾಯಲ್ಲಿ ಬಹಳ ದೊಡ್ಡ ಮಾತು. ಅದನ್ನು ‘ಎಂದೂ ಕಳವು ಮಾಡಿಲ್ಲ’ ಎಂಬ ಅರ್ಥದಲ್ಲಿ ಇಂಗ್ಲಿಷಿಗೆ ತಂದರೆ, ಓದುವವರಿಗೆ ಕಳವಿನ ಮಾತು ಇಲ್ಲಿ ಯಾಕೆ ಬಂತು ಎಂಬ ಪ್ರಶ್ನೆ ಏಳುತ್ತದೆ. ಬರೀ ‘ಪ್ರಾಮಾಣಿಕ’ ಎಂದರೆ ಎಲ್ಲರ ಪತ್ರದಲ್ಲೂ ಇರುವ ಪದ. ಮಾಲಕರನ್ನು ಕೇಳಿದೆ, “ಅವನ ಕೈಯಾಗ ರೊಕ್ಕ ಕೊಡ್ತಿದ್ರೇನ್ರಿ?” ಹಮಾಲರ ವಾರದ ಪಗಾರ ಅವನೇ ಹಂಚುತ್ತಿದ್ದ, ಗೋದಾಮಿನ ಬೀಗದ ಕೈ ಅವನ ಬಳಿ ಇತ್ತು, ಪ್ರತಿ ವರ್ಷ ಲೆಕ್ಕಪರಿಶೋಧಕರು ದಾಸ್ತಾನು ಎಣಿಸಿದಾಗ ಪುಸ್ತಕಕ್ಕೆ ಹೊಂದಿತ್ತು. ಮೂರೂ ಸಂಗತಿ ಪತ್ರಕ್ಕೆ ಹೋದವು.

ರೋಣದ ಪತ್ತಿನ ಸಂಘಗಳಿಂದ ಬರುವವರಿಗೂ ಇದೇ ದಾರಿ, ಅಲ್ಲಿ ಒಂದು ಮಾತು ಮಾತ್ರ ಹೆಚ್ಚಿಗೆ ಬೇಕು. ಪಿಗ್ಮಿ ಎಂದರೆ ನಮ್ಮಲ್ಲಿ ಚಹಾ ಅಂಗಡಿಯವನಿಗೂ ಗೊತ್ತು. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರುಮಾಡಿದ ಯೋಜನೆ ಅದು, ಕರ್ನಾಟಕದಲ್ಲಿ ಮನೆಮಾತಾಗಿದೆ. ಬೇರೆ ರಾಜ್ಯದ ಎಚ್.ಆರ್. ಅಧಿಕಾರಿಗೆ ಆ ಪದದಿಂದ ಏನೂ ತಿಳಿಯುವುದಿಲ್ಲ. ದಿನವೂ ಅಂಗಡಿ ಅಂಗಡಿಗೆ ಹೋಗಿ ಸಣ್ಣ ಠೇವಣಿ ಸಂಗ್ರಹಿಸಿ ಅದೇ ಸಂಜೆ ಸಂಘಕ್ಕೆ ಜಮಾ ಮಾಡುವ ಕೆಲಸ ಎಂದು ಒಂದು ಸಾಲಿನಲ್ಲಿ ಬಿಡಿಸಿ ಹೇಳಬೇಕು. ದಿನಕ್ಕೆ ಎಷ್ಟು ಖಾತೆ, ಅಂದಾಜು ಎಷ್ಟು ಹಣ ಎಂಬುದು ಸಂಘದ ಪುಸ್ತಕದಲ್ಲಿ ಇದ್ದರೆ ಅದನ್ನೂ ಸೇರಿಸಬೇಕು.

5. ಬಿಡಬೇಕಾದದ್ದನ್ನು ಬಿಡಿ, ಆದರೆ ದೋಷವನ್ನು ತಿರುಚಿ ಗುಣ ಮಾಡಬೇಡಿ

ಮದುವೆ, ಮಕ್ಕಳು, ಜಾತಿ, ಊರಿನ ಮನೆತನ, ಪಗಾರ, ಕಾಯಿಲೆ, ಇವು ಯಾವುದಕ್ಕೂ ಪತ್ರದಲ್ಲಿ ಜಾಗ ಇಲ್ಲ. ‘ಮನಿ ಮಗನಂಗ ಇದ್ದ’ ಎಂಬ ಮಾತಿನ ಪ್ರೀತಿ ನನಗೆ ಗೊತ್ತು. ಆದರೆ ಹೊರಗಿನವರು ಅದನ್ನು ಸಂಬಂಧಿಕನ ಮಾತು ಎಂದು ಓದುತ್ತಾರೆ, ಪತ್ರದ ತೂಕ ಇಳಿಯುತ್ತದೆ.

‘ಸ್ವಲ್ಪ ಸಿಟ್ಟು ಜಾಸ್ತಿ’ ಎಂಬುದು ಕಷ್ಟದ ಸಾಲು. ಯಾವಾಗ ಸಿಟ್ಟು ಬರುತ್ತಿತ್ತು ಎಂದು ಕೇಳಿದೆ. ಹಸಿ ಹತ್ತಿ ತಂದವರೊಂದಿಗೆ, ದಲಾಲರೊಂದಿಗೆ ಗೇಟಿನಲ್ಲಿ ಜಗಳವಾಡುತ್ತಿದ್ದ. ಒಮ್ಮೆ ಹಮಾಲನ ಮೇಲೂ ಕೂಗಾಡಿದ್ದ. ಇದನ್ನು ‘ಗುಣಮಟ್ಟದಲ್ಲಿ ರಾಜಿ ಇಲ್ಲ’ ಎಂದು ಚಂದ ಮಾಡಿ ಬರೆಯುವುದು ಸುಲಭ. ಹಮಾಲನ ಮೇಲಿನ ಸಿಟ್ಟಿಗೂ ಗುಣಮಟ್ಟಕ್ಕೂ ಸಂಬಂಧ ಇಲ್ಲವಲ್ಲ. ನಾವು ಮಾಡಿದ್ದು ಹೀಗೆ: ಒತ್ತಡ ಬಂದರೂ ಹಸಿ ಹತ್ತಿಯನ್ನು ವಾಪಸ್ಸು ಕಳಿಸುತ್ತಿದ್ದರು ಎಂಬುದು ನಿಜ, ಅದನ್ನು ಬರೆದೆವು. ಜನರೊಂದಿಗೆ ಸೌಮ್ಯವಾಗಿ ನಡೆದುಕೊಳ್ಳುತ್ತಿದ್ದರು ಎಂಬ, ಸಾಮಾನ್ಯವಾಗಿ ಎಲ್ಲ ಪತ್ರಗಳಲ್ಲೂ ಬರುವ ಸಾಲನ್ನು ಬರೆಯಲಿಲ್ಲ. ಫೋನ್ ಮಾಡಿ ಕೇಳಿದರೆ ಮಾಲಕರು ಇದ್ದದ್ದನ್ನು ಹೇಳಲಿ.

ಹಣದ ತಕರಾರು ಮಾಡಿ ಬಿಟ್ಟವರಿಗೆ ಶಿಫಾರಸು ಪತ್ರ ಕೊಡಬೇಡಿ ಎಂದೇ ನನ್ನ ಸಲಹೆ. ದಿನಾಂಕ, ಹುದ್ದೆ ಇರುವ ಅನುಭವ ಪ್ರಮಾಣಪತ್ರ ಕೊಡಿ. ಅದು ಅವರಿಗೆ ಸಲ್ಲಬೇಕಾದದ್ದು.

6. ಸಹಿ ಹಾಕುವವರು ಯಾರು ಎಂಬುದು ಮೊದಲೇ ಗೊತ್ತಿರಲಿ

ಗಜೇಂದ್ರಗಡದ ಗಾಳಿಯಂತ್ರಗಳಲ್ಲಿ ಇದು ಹೆಚ್ಚು ತೊಡಕಾಗುತ್ತದೆ. ಯಂತ್ರ ಒಬ್ಬರದು, ನಿರ್ವಹಣೆ ಇನ್ನೊಂದು ಕಂಪನಿಯದು, ಹುಡುಗನ ಪಗಾರ ಮೂರನೆಯ ಗುತ್ತಿಗೆದಾರನದು. ಚೀಟಿ ಬರೆದುಕೊಡುವುದು ಸೈಟ್ ಇನ್‌ಚಾರ್ಜ್, ಅವರಿಗೆ ಕಂಪನಿಯ ಲೆಟರ್‌ಹೆಡ್ ಬಳಸುವ ಅಧಿಕಾರ ಇರುವುದಿಲ್ಲ. ಅಂಥಲ್ಲಿ ದಿನಾಂಕಗಳ ಪ್ರಮಾಣಪತ್ರ ಗುತ್ತಿಗೆದಾರನಿಂದ ಬರಬೇಕು. ಇನ್‌ಚಾರ್ಜ್ ಬೇಕಾದರೆ ಬಿಳಿ ಹಾಳೆಯ ಮೇಲೆ, ತಮ್ಮ ಹೆಸರಿನಲ್ಲಿ, ಇಂಥ ಸೈಟಿನಲ್ಲಿ ಇಷ್ಟು ಕಾಲ ನಾನು ಇವರ ಕೆಲಸ ನೋಡಿದ್ದೇನೆ ಎಂದು ಬರೆಯಬಹುದು. ಎತ್ತರದ ಕೆಲಸದ ಸುರಕ್ಷತಾ ತರಬೇತಿ ಆಗಿದೆ ಎಂದು ಬರೆಯುವಾಗ ಪ್ರಮಾಣಪತ್ರದ ದಿನಾಂಕ ಸೇರಿಸಿ. ಗ್ಲೋಬಲ್ ವಿಂಡ್ ಆರ್ಗನೈಸೇಶನ್‌ನ ಆ ತರಬೇತಿಯ ಮಾನ್ಯತೆ 24 ತಿಂಗಳಿಗೆ ಮುಗಿಯುತ್ತದೆ. ಹಳೆಯದನ್ನು ದಿನಾಂಕವಿಲ್ಲದೆ ಬರೆದರೆ ಓದುವವರಿಗೆ ತಪ್ಪು ತಿಳಿವಳಿಕೆ ಕೊಟ್ಟಂತೆ.

7. ಇಂಗ್ಲಿಷ್ ಪತ್ರವನ್ನು ಕನ್ನಡದಲ್ಲಿ ಓದಿ ಹೇಳದೆ ಸಹಿ ಹಾಕಿಸಬೇಡಿ

ಪತ್ರ ನಾನು ಬರೆದರೂ ಮಾತು ಮಾಲಕರದು. ಅವರಿಗೆ ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳಿ, “ಇದು ನೀವು ಹೇಳಿದ್ದು ಹೌದಲ್ರಿ?” ಎಂದು ಕೇಳುತ್ತೇನೆ. ಓದುವಾಗ ಎಲ್ಲಿ ಅವರು ತಡೆಯುತ್ತಾರೋ ಅಲ್ಲಿ ತಿದ್ದುಪಡಿ ಬೇಕು. ನರಗುಂದದ ಮಾಲಕರು ಒಂದು ಕಡೆ ತಡೆದರು. ಗಾಡಿ ವಾಪಸ್ಸು ಕಳಿಸುವ ನಿರ್ಧಾರ ಅವನೇ ಮಾಡುತ್ತಿದ್ದ ಎಂದು ನಾನು ಓದಿದಾಗ, “ಸಣ್ಣ ಗಾಡಿ ಅವನ ಕಳಸ್ತಿದ್ದ. ಲಾರಿ ಲೋಡ್ ಇದ್ರ ನನ್ನ ಕೇಳ್ತಿದ್ದ” ಎಂದರು. ಆ ವಾಕ್ಯಕ್ಕೆ ಅಷ್ಟು ಭಾಗ ಸೇರಿಸಿದೆವು. ಅದರಿಂದ ಹುಡುಗನಿಗೆ ನಷ್ಟವಾಗಲಿಲ್ಲ. ತನ್ನ ಮಿತಿ ತಿಳಿದವನು ಎಂದು ಓದುವವರಿಗೆ ಅನ್ನಿಸುತ್ತದೆ.

ಕೊನೆಯ ಪ್ರಶ್ನೆ ಯಾವಾಗಲೂ ಒಂದೇ: “ಅವ ನಾಳೆ ವಾಪಸ್ ಬಂದ್ರ ಕೆಲಸಕ್ಕ ತಗೋತೀರೇನ್ರಿ?” ಹೊಸ ಕಂಪನಿಯವರು ಫೋನಿನಲ್ಲಿ ಕೇಳುವುದೂ ಇದನ್ನೇ. ಮಾಲಕರು ತಡಮಾಡದೆ ಹೌದು ಎಂದರೆ ಅದೇ ಪತ್ರದ ಕೊನೆಯ ಸಾಲು. ತಡೆದು ತಡೆದು ಹೇಳಿದರೆ ಆ ಸಾಲು ಬೇಡ. ನರಗುಂದದ ಮಾಲಕರು, “ಇವತ್ತ ಬರಲಿ” ಎಂದರು.

ಆಮೇಲೆ ಉಳಿಯುವುದು ಲೆಟರ್‌ಹೆಡ್, ದಿನಾಂಕ, ಸಹಿ, ಮೊಹರು, ಮಾಲಕರ ಫೋನ್ ನಂಬರು ಮತ್ತು ಯಾವ ಹೊತ್ತಿನಲ್ಲಿ ಸಿಗುತ್ತಾರೆ ಎಂಬುದು. ಇಂಗ್ಲಿಷ್ ಮಾತಾಡಲು ಬಾರದ ಮಾಲಕರಿದ್ದರೆ, ಕನ್ನಡದಲ್ಲಿ ಅಥವಾ ಹಿಂದಿಯಲ್ಲಿ ಮಾತಾಡುತ್ತಾರೆ ಎಂದು ಫೋನ್ ನಂಬರಿನ ಪಕ್ಕ ಬರೆಯಿರಿ. ಪತ್ರದ ಒಂದು ಪ್ರತಿಯನ್ನು ಮಾಲಕರು ಫೈಲಿನಲ್ಲಿ ಇಟ್ಟುಕೊಳ್ಳಬೇಕು. ಎಂಟು ತಿಂಗಳ ನಂತರ ಫೋನ್ ಬಂದಾಗ ಏನು ಬರೆದಿತ್ತು ಎಂದು ಹುಡುಕಾಡುವಂತಾಗಬಾರದು.

ಇಡೀ ಪತ್ರ ಒಂದು ಪುಟ ದಾಟಲಿಲ್ಲ.

ಪತ್ರ ಬರೆಸುವ ಮಾಲಕರಲ್ಲಿ, ಸಂಘದ ಕಾರ್ಯದರ್ಶಿಗಳಲ್ಲಿ ನನ್ನ ವಿನಂತಿ ಇಷ್ಟು. ಕೆಲಸಗಾರ ಬಿಡುತ್ತೇನೆ ಎಂದ ವಾರದಲ್ಲೇ ಚೀಟಿ ಬರೆದಿಡಿ, ಆಗ ಅವನು ಮಾಡುವ ಕೆಲಸ ನಿಮ್ಮ ಕಣ್ಣ ಮುಂದೆ ಇರುತ್ತದೆ. ಬರುವಾಗ ಹಾಜರಿ ಪುಸ್ತಕ ತನ್ನಿ. ಇಂಗ್ಲಿಷ್ ಬಾರದು ಎಂದು ಸಂಕೋಚ ಬೇಡ, ನೀವು ಕಂಡದ್ದನ್ನು ನಿಮ್ಮ ಮಾತಿನಲ್ಲಿ ಪೂರ್ತಿ ಹೇಳಿ.